ಒಡೆಯನ ಲೆಕ್ಕದಲ್ಲಿ ಗುತ್ತಿಗೆ: ಮಾರಾಟವೆ, ಬಾಡಿಗೆಯೆ?



ಗುತ್ತಿಗೆಯ ವಿಷಯದಲ್ಲಿ ಈಚಿನ ವರ್ಷಗಳಲ್ಲಿ ನಡೆದ ಚರ್ಚೆಯೆಲ್ಲ ಬಹುಮಟ್ಟಿಗೆ ಸ್ವತ್ತನ್ನು ಪಡೆದವನ ಲೆಕ್ಕವನ್ನು ಕುರಿತದ್ದು. ವಿಮಾನವನ್ನೋ ಅಂಗಡಿಯ ಮಳಿಗೆಯನ್ನೋ ಗುತ್ತಿಗೆಗೆ ಪಡೆದ ಸಂಸ್ಥೆ ಆ ಹೊಣೆಯನ್ನು ತನ್ನ ಅಢಾವೆ ಪತ್ರಿಕೆಯಲ್ಲಿ ತೋರಿಸದೆ ಬಚ್ಚಿಡುತ್ತಿದ್ದ ಕಾಲ ಮುಗಿಯಿತೆಂದು 2019ರಲ್ಲಿ ಹೊಸ ನಿಯಮಗಳು ಜಾರಿಗೆ ಬಂದಾಗ ಎಲ್ಲರೂ ಸಂತೋಷಪಟ್ಟರು. ಆದರೆ ಸ್ವತ್ತಿನ ಒಡೆಯನಾದ ಸಂಸ್ಥೆಯ ಲೆಕ್ಕವನ್ನು ಆ ನಿಯಮಗಳು ಹೆಚ್ಚಾಗಿ ಮುಟ್ಟಲಿಲ್ಲ. ಹಳೆಯ ಎರಡು ದಾರಿಗಳು ಹಾಗೆಯೇ ಉಳಿದುವು. ಒಂದರಲ್ಲಿ ಗುತ್ತಿಗೆಯನ್ನು ಮಾರಾಟವೆಂದೇ ಭಾವಿಸಿ ಲಾಭವನ್ನು ಮೊದಲ ದಿನವೇ ಜಮಾ ಮಾಡಿಕೊಳ್ಳುವುದುಂಟು. ಅಮೆರಿಕದ ನಿಯಮಗಳು ಇದನ್ನು ಸೇಲ್ಸ್-ಟೈಪ್ ಲೀಸ್ ಎಂದು ಕರೆಯುತ್ತವೆ. ಇನ್ನೊಂದರಲ್ಲಿ ಸ್ವತ್ತು ಒಡೆಯನ ಪುಸ್ತಕದಲ್ಲಿಯೇ ಉಳಿದು, ಬಾಡಿಗೆ ಬಂದ ಹಾಗೆ ಆದಾಯವಾಗಿ, ಸವಕಳಿ ವರ್ಷವರ್ಷವೂ ಖರ್ಚಾಗಿ ಬೀಳುತ್ತದೆ. ಅದು ಆಪರೇಟಿಂಗ್ ಲೀಸ್. ಈ ಎರಡು ದಾರಿಗಳ ನಡುವಣ ಅಂತರವೇ ಇಂದಿನ ನನ್ನ ವಿಷಯ.

ಉದಾಹರಣೆಗೆ ನಾನು ಆರಿಸಿಕೊಂಡಿರುವುದು ಪ್ರತಿ ತೆಗೆಯುವ ಯಂತ್ರವನ್ನು. ಅದಕ್ಕೊಂದು ಕಾರಣವಿದೆ. 1959ರಲ್ಲಿ ಅಂದಿನ ಹ್ಯಾಲಾಯ್ಡ್ ಜೆರಾಕ್ಸ್ ಸಂಸ್ಥೆ ತನ್ನ 914 ಎಂಬ ಯಂತ್ರವನ್ನು ಹೊರತಂದಾಗ, ಅದರ ಪೂರ್ಣ ಬೆಲೆಯನ್ನು ಒಮ್ಮೆಗೇ ಕೊಟ್ಟು ಕೊಳ್ಳುವ ಕಚೇರಿಗಳು ವಿರಳವೆಂಬುದನ್ನು ಮೊದಲೇ ಅರಿತು, ತಿಂಗಳಿಗೆ 95 ಡಾಲರ್ ಬಾಡಿಗೆಯ ಮೇಲೆ ಅದನ್ನು ಕೊಡಲಾರಂಭಿಸಿತು. ತಿಂಗಳಿಗೆ 2000 ಪ್ರತಿಗಳು ಆ ಬಾಡಿಗೆಯಲ್ಲಿಯೇ ಸೇರಿದ್ದುವು. ಅದಕ್ಕೆ ಮೀರಿದ ಪ್ರತಿಯೊಂದಕ್ಕೆ ಕೆಲವು ಸೆಂಟುಗಳು. ಯಂತ್ರ ಸಂಸ್ಥೆಯದೇ, ಹಣ ತಿಂಗಳು ತಿಂಗಳಿಗೆ ಬರುವುದೇ. ಆದುದರಿಂದ ಲೆಕ್ಕವೂ ಸರಳವಾಗಿತ್ತು. ಮುಂದೆ ಅದೇ ಸಂಸ್ಥೆ ಯಂತ್ರಗಳನ್ನು ದೀರ್ಘಾವಧಿಯ ಗುತ್ತಿಗೆಗೆ ಕೊಟ್ಟು, ಆ ಗುತ್ತಿಗೆಯನ್ನು ಮಾರಾಟವೆಂದು ಬರೆಯುವ ದಾರಿಗೆ ಬಂದಿತು. ಆ ದಾರಿಯಲ್ಲಿ ಏನಾಯಿತೆಂಬುದನ್ನು ಹೇಳುವ ಮುನ್ನ ಲೆಕ್ಕದ ಸ್ವರೂಪವನ್ನು ಅಂಕಿಗಳಲ್ಲಿಯೇ ನೋಡೋಣ. ಸಭೆಯ ಅನುಕೂಲಕ್ಕಾಗಿ ರೂಪಾಯಿಯಲ್ಲಿಯೇ ಹೇಳುತ್ತೇನೆ; ಅಂಕಿಗಳು ನಾನು ಕಲ್ಪಿಸಿಕೊಂಡವು.

ಒಬ್ಬ ತಯಾರಕನಿದ್ದಾನೆ. ಒಂದು ಯಂತ್ರವನ್ನು ತಯಾರಿಸಲು ಅವನಿಗೆ ಬಿದ್ದ ಖರ್ಚು 7,00,000 ರೂಪಾಯಿ. ನಗದಿಗೆ ಮಾರಿದರೆ ಅದರ ಬೆಲೆ 10,00,000. ಯಂತ್ರದ ಆಯುಷ್ಯ ಐದು ವರ್ಷ. ಅದನ್ನು ಅವನು ಒಬ್ಬ ಗಿರಾಕಿಗೆ ನಾಲ್ಕು ವರ್ಷದ ಗುತ್ತಿಗೆಗೆ ಕೊಡುತ್ತಾನೆ. ಪ್ರತಿ ವರ್ಷದ ಕೊನೆಗೆ 3,00,000 ರೂಪಾಯಿ ಸಲ್ಲತಕ್ಕದ್ದು. ನಾಲ್ಕು ವರ್ಷ ಕಳೆದು ಯಂತ್ರ ಹಿಂದಿರುಗಿದಾಗ ಅದನ್ನು ಮಾರಿದರೆ 71,800 ರೂಪಾಯಿ ಬಂದೀತೆಂದು ಅವನ ಅಂದಾಜು. ಈ ಉಳಿಕೆ ಬೆಲೆಗೆ ಗಿರಾಕಿಯಾಗಲಿ ಬೇರೊಬ್ಬರಾಗಲಿ ಜಾಮೀನು ನಿಂತಿಲ್ಲ. ಈ ಎಲ್ಲ ಹಣವನ್ನೂ ಇಂದಿನ ಬೆಲೆಗೆ ಇಳಿಸಿ ನಗದಿನ ಬೆಲೆಗೆ ಸರಿದೂಗಿಸುವ ಬಡ್ಡಿ ಎಷ್ಟೆಂದು ನೋಡಿದರೆ ಅದು ಸರಿಯಾಗಿ ಶೇಕಡ 10 ಆಗುತ್ತದೆ. ನಾಲ್ಕು ಕಂತುಗಳ ವರ್ತಮಾನ ಮೌಲ್ಯ 9,50,960. ಉಳಿಕೆ ಬೆಲೆಯದು 49,040. ಎರಡೂ ಕೂಡಿ ಹತ್ತು ಲಕ್ಷ.

ಇದು ಮಾರಾಟವೋ ಬಾಡಿಗೆಯೋ ಎಂಬುದು ತಯಾರಕನ ಇಷ್ಟಕ್ಕೆ ಬಿಟ್ಟ ಮಾತಲ್ಲ. ಗುತ್ತಿಗೆ ಪ್ರಾರಂಭವಾದ ದಿನ ಐದು ಪ್ರಶ್ನೆಗಳನ್ನು ಕೇಳಬೇಕೆಂದು ಅಮೆರಿಕದ ಲೆಕ್ಕಶಾಸ್ತ್ರದ ಎಎಸ್‌ಸಿ 842 ಎಂಬ ನಿಯಮ ವಿಧಿಸುತ್ತದೆ. ಅವಧಿಯ ಕೊನೆಗೆ ಒಡೆತನ ಗಿರಾಕಿಗೆ ಹೋಗುವುದೆ? ಅವನು ನಿಶ್ಚಯವಾಗಿ ಬಳಸಿಕೊಳ್ಳಬಹುದಾದ ಖರೀದಿಯ ಹಕ್ಕು ಇದೆಯೆ? ಗುತ್ತಿಗೆಯ ಅವಧಿ ಯಂತ್ರದ ಉಳಿದ ಆಯುಷ್ಯದ ಬಹುಭಾಗವನ್ನು ಆವರಿಸುವುದೆ? ಕಂತುಗಳ ಮೌಲ್ಯವೂ, ಗಿರಾಕಿ ಜಾಮೀನು ಕೊಟ್ಟಿದ್ದರೆ ಆ ಉಳಿಕೆ ಬೆಲೆಯೂ ಕೂಡಿ ಯಂತ್ರದ ಬೆಲೆಯ ಹೆಚ್ಚುಕಡಮೆ ಪೂರ್ಣಾಂಶವಾಗುವುದೆ? ಇಲ್ಲವೆ ಯಂತ್ರ ಆ ಗಿರಾಕಿಯ ಹೊರತು ಇನ್ನಾರಿಗೂ ಉಪಯೋಗಕ್ಕೆ ಬಾರದಷ್ಟು ವಿಶಿಷ್ಟವಾದುದೆ? ಇವುಗಳಲ್ಲಿ ಒಂದಕ್ಕೆ ಹೌದೆಂಬ ಉತ್ತರ ಬಂದರೂ ಅದು ಮಾರಾಟ. ಬಹುಭಾಗವೆಂದರೆ ಶೇಕಡ 75, ಪೂರ್ಣಾಂಶವೆಂದರೆ ಶೇಕಡ 90 ಎಂದು 1976ರ ಹಳೆಯ ನಿಯಮ ಗೆರೆ ಎಳೆದಂತೆ ಹೇಳಿತ್ತು. ಈಗಿನ ನಿಯಮ ಆ ಅಂಕಿಗಳನ್ನು ಸಮಂಜಸವಾದ ಒಂದು ಮಾರ್ಗವೆಂದಷ್ಟೇ ಒಪ್ಪುತ್ತದೆ. ನಮ್ಮ ಯಂತ್ರದಲ್ಲಿ ನಾಲ್ಕು ವರ್ಷವೆಂಬುದು ಐದು ವರ್ಷದ ಶೇಕಡ 80; ಕಂತುಗಳ ಮೌಲ್ಯ ಬೆಲೆಯ ಶೇಕಡ 95. ಆದುದರಿಂದ ಇದು ಮಾರಾಟವೇ ಸರಿ. ಒಂದೂವರೆ ವರ್ಷದ ಗುತ್ತಿಗೆಯಾಗಿದ್ದರೆ ಅದೇ ಯಂತ್ರ ಬಾಡಿಗೆಯ ದಾರಿಯನ್ನು ಹಿಡಿಯುತ್ತಿತ್ತು. ಹೋಲಿಕೆಗಾಗಿ ಮಾತ್ರ ಈಗ ಅದೇ ಅಂಕಿಗಳನ್ನು ಎರಡು ಬಗೆಯಲ್ಲಿಯೂ ಬರೆದು ನೋಡುತ್ತೇನೆ.

ಮಾರಾಟದ ಬಗೆಯಲ್ಲಿ, ಮೊದಲ ದಿನವೇ ಯಂತ್ರ ಪುಸ್ತಕದಿಂದ ಹೊರಟುಹೋಗುತ್ತದೆ. ಅದರ ಸ್ಥಾನದಲ್ಲಿ ಗುತ್ತಿಗೆಯ ನಿವ್ವಳ ಹೂಡಿಕೆ ಎಂಬ ಹೆಸರಿನಲ್ಲಿ ಹತ್ತು ಲಕ್ಷ ರೂಪಾಯಿಯ ಬಾಕಿ ಬಂದು ಕೂಡುತ್ತದೆ. ಮಾರಾಟದ ಹುಟ್ಟುವಳಿ 9,50,960; ಮಾರಿದ ಸರಕಿನ ವೆಚ್ಚವೆಂದು ಏಳು ಲಕ್ಷದಲ್ಲಿ ಉಳಿಕೆ ಬೆಲೆಯ ಮೌಲ್ಯವಾದ 49,040ನ್ನು ಕಳೆದು 6,50,960 ಬರೆಯಬೇಕು, ಏಕೆಂದರೆ ಯಂತ್ರದ ಆ ತುಣುಕನ್ನು ಅವನು ಮಾರಿಲ್ಲ, ಅದು ಅವನಿಗೇ ಹಿಂದಿರುಗಲಿದೆ. ಲಾಭ ಮೂರು ಲಕ್ಷ. ಒಂದು ಕಂತೂ ಬಂದಿಲ್ಲದಿರುವಾಗ ಇಷ್ಟು ಲಾಭ ಪುಸ್ತಕಕ್ಕೆ ಬಂದುಬಿಟ್ಟಿತು. ಅಲ್ಲಿಂದ ಮುಂದೆ ಅವನು ತಯಾರಕನಲ್ಲ, ಲೇವಾದೇವಿಯವನು: ಮೊದಲ ವರ್ಷ ಹತ್ತು ಲಕ್ಷದ ಮೇಲೆ 1,00,000 ಬಡ್ಡಿ, ಮೂರು ಲಕ್ಷ ಕಂತು ಬಂದು ಬಾಕಿ ಎಂಟು ಲಕ್ಷಕ್ಕೆ ಇಳಿಯಿತು, ಎರಡನೆಯ ವರ್ಷ 80,000, ಮೂರನೆಯ ವರ್ಷ 58,000, ನಾಲ್ಕನೆಯ ವರ್ಷ 33,800, ಕೊನೆಗೆ ಉಳಿಯುವುದು 71,800, ಅಷ್ಟಕ್ಕೆ ಯಂತ್ರ ಕೈಸೇರಿತು.

ಬಾಡಿಗೆಯ ಬಗೆಯಲ್ಲಿ ಇಂಥ ಸಡಗರವೇನೂ ಇಲ್ಲ. ಯಂತ್ರ ಏಳು ಲಕ್ಷದ ಬೆಲೆಗೆ ಪುಸ್ತಕದಲ್ಲಿ ಇದ್ದಹಾಗೆಯೇ ಇರುತ್ತದೆ. ಯಂತ್ರ ಹಿಂದಿರುಗಿದೊಡನೆ ಮಾರುವ ಉದ್ದೇಶವಿರುವುದರಿಂದ, ಕೊನೆಯ 71,800ನ್ನು ಬಿಟ್ಟು ಉಳಿದುದನ್ನು ನಾಲ್ಕು ವರ್ಷಕ್ಕೆ ಹಂಚಿದರೆ ವರ್ಷದ ಸವಕಳಿ 1,57,050. ಬಾಡಿಗೆ ಮೂರು ಲಕ್ಷ, ಸವಕಳಿ ಇಷ್ಟು, ಉಳಿದ ಲಾಭ 1,42,950. ನಾಲ್ಕು ವರ್ಷವೂ ಅಷ್ಟೇ.

ಈಗ ಕೂಡಿಸಿ ನೋಡಿ. ಮೊದಲನೆಯ ಬಗೆಯಲ್ಲಿ ಮಾರಾಟದ ಲಾಭ ಮೂರು ಲಕ್ಷ, ಬಡ್ಡಿ 2,71,800, ಒಟ್ಟು 5,71,800. ಎರಡನೆಯ ಬಗೆಯಲ್ಲಿ 1,42,950ರ ನಾಲ್ಕರಷ್ಟು, ಅದೂ 5,71,800. ಒಂದು ರೂಪಾಯಿಯ ವ್ಯತ್ಯಾಸವಿಲ್ಲ. ಬ್ಯಾಂಕಿಗೆ ಬಂದ ಹಣವಂತೂ ಎರಡರಲ್ಲಿಯೂ ಅದೇ ದಿನ, ಅದೇ ಮೊತ್ತ. ಆದರೆ ಮೊದಲ ವರ್ಷದ ಲಾಭ ಒಂದರಲ್ಲಿ ನಾಲ್ಕು ಲಕ್ಷ, ಇನ್ನೊಂದರಲ್ಲಿ ಒಂದೂಮುಕ್ಕಾಲು ಲಕ್ಷವೂ ಇಲ್ಲ; ಕೊನೆಯ ವರ್ಷದ ಲಾಭ ಒಂದರಲ್ಲಿ ಮೂವತ್ತನಾಲ್ಕು ಸಾವಿರವೂ ಇಲ್ಲ, ಇನ್ನೊಂದರಲ್ಲಿ ಮೊದಲಿನಷ್ಟೇ. ವರ್ಷವರ್ಷವೂ ಹೆಚ್ಚು ಹೆಚ್ಚು ಯಂತ್ರಗಳನ್ನು ಗುತ್ತಿಗೆಗೆ ಕೊಡುತ್ತ ಹೋಗುವ ಸಂಸ್ಥೆಗೆ ಮಾರಾಟದ ಬಗೆ ಸದಾ ಸುಂದರವಾಗಿ ಕಾಣುತ್ತದೆ. ವ್ಯಾಪಾರ ನಿಂತೊಡನೆ ಅದೇ ಲೆಕ್ಕ ಅದನ್ನು ಬತ್ತಿದ ಕೆರೆಯಂತೆ ತೋರಿಸುತ್ತದೆ.

ಹಾಗಾದರೆ ಮಾರಾಟದ ಬಗೆ ಮೋಸದ ಬಗೆಯೆ ಎಂದು ಕೇಳುವವರುಂಟು. ನಾನು ಹಾಗೆ ಹೇಳುವುದಿಲ್ಲ. ಯಂತ್ರದ ಸತ್ತ್ವವೆಲ್ಲ ಗಿರಾಕಿಯ ಕಾಲದಲ್ಲಿಯೇ ತೀರಿಹೋಗುವಾಗ, ಕಂತಿಗೆ ಮಾರುವುದಕ್ಕೂ ಗುತ್ತಿಗೆಗೆ ಕೊಡುವುದಕ್ಕೂ ಇರುವ ಭೇದ ಕಾಗದದ ಭೇದವೇ. ಕಂತಿಗೆ ಮಾರಿದವನು ಲಾಭವನ್ನು ಇಂದು ಬರೆಯಬಹುದಾದರೆ ಗುತ್ತಿಗೆಗೆ ಕೊಟ್ಟವನು ಬರೆಯಬಾರದೆನ್ನುವುದು ನ್ಯಾಯವಲ್ಲ. ನಿಯಮವೂ ಕಣ್ಣುಮುಚ್ಚಿಕೊಂಡಿಲ್ಲ: ಗಿರಾಕಿಯಿಂದ ಹಣ ಬರುವುದು ಸಂಭಾವ್ಯವೆಂದು ತೋರದಿದ್ದರೆ ಯಂತ್ರವನ್ನು ಪುಸ್ತಕದಿಂದ ತೆಗೆಯಕೂಡದು, ಬಂದ ಹಣವನ್ನು ಠೇವಣಿಯಂತೆ ಹೊಣೆಯ ಕಡೆಗೆ ಬರೆದಿಡಬೇಕೆಂದು ಅದು ಹೇಳುತ್ತದೆ. ತೊಡಕಿರುವುದು ಬೇರೆ ಕಡೆ. ಬಾಡಿಗೆಯ ಬಗೆಯಲ್ಲಿ ವರ್ಷದ ಆದಾಯವೆಂಬುದು ಕರಾರಿನ ಕಾಗದದಲ್ಲಿ ಬರೆದಿರುವ ಅಂಕಿ. ಅದನ್ನು ತಿದ್ದುವ ಅವಕಾಶ ಒಡೆಯನಿಗೆ ಅಲ್ಪ. ಮಾರಾಟದ ಬಗೆಯಲ್ಲಿ ಮೊದಲ ದಿನದ ಲಾಭವೆಂಬುದು ಅಂದಾಜುಗಳ ಸಂತಾನ: ಬಡ್ಡಿಯ ದರ ಎಷ್ಟು, ಉಳಿಕೆ ಬೆಲೆ ಎಷ್ಟು, ಒಂದೇ ಕಂತಿನಲ್ಲಿ ಯಂತ್ರಕ್ಕೂ ಸೇವೆಗೂ ಸೇರಿದ ಪಾಲು ಎಷ್ಟೆಷ್ಟು ಎಂಬವುಗಳ ಮೇಲೆ ಅದು ನಿಂತಿದೆ.

ಬಡ್ಡಿಯ ದರದ ಪ್ರಭಾವವನ್ನು ನಮ್ಮ ಯಂತ್ರದಲ್ಲಿಯೇ ನೋಡಬಹುದು. ಶೇಕಡ 10ರ ಬದಲು 8 ಎಂದು ಇಟ್ಟುಕೊಂಡರೆ ಕಂತುಗಳ ಮೌಲ್ಯ 9,93,638ಕ್ಕೆ ಏರುತ್ತದೆ, ಉಳಿಕೆ ಬೆಲೆಯ ಮೌಲ್ಯವೂ ಮೂರು ನಾಲ್ಕು ಸಾವಿರ ಹೆಚ್ಚುತ್ತದೆ. ಮೊದಲ ದಿನದ ಲಾಭ ಮೂರು ಲಕ್ಷದಿಂದ ಸುಮಾರು 3,46,400ಕ್ಕೆ ನೆಗೆಯುತ್ತದೆ. ಹೊಸದಾಗಿ ಒಂದು ಕಾಸೂ ಹುಟ್ಟಿಲ್ಲ. ಮುಂದಿನ ವರ್ಷಗಳ ಬಡ್ಡಿಯಲ್ಲಿ 46,400 ಕಡಮೆಯಾಗಿ ಇಂದಿನ ಲಾಭಕ್ಕೆ ಬಂದು ಸೇರಿತು, ಅಷ್ಟೆ. ಇದನ್ನು ಪತ್ತೆಹಚ್ಚುವ ಉಪಾಯವೂ ಅಷ್ಟೇ ಸರಳ: ಬಾಕಿಯ ಮೊತ್ತ ಈಗ ಹತ್ತು ಲಕ್ಷವನ್ನು ಮೀರಿದೆ, ಆದರೆ ಪಕ್ಕದ ಮಳಿಗೆಯಲ್ಲಿ ಅದೇ ಯಂತ್ರ ನಗದಿಗೆ ಹತ್ತು ಲಕ್ಷಕ್ಕೆ ದೊರೆಯುತ್ತದೆ. ಲೆಕ್ಕಪರಿಶೋಧಕನು ನಗದು ಮಾರಾಟದ ಒಂದು ಬಿಲ್ಲನ್ನು ತರಿಸಿ ನೋಡಿದರೆ ಸಾಕು.

ಇನ್ನು ಪಾಲು ಹಂಚುವ ಮಾತು. ಜೆರಾಕ್ಸ್ ಸಂಸ್ಥೆಯ ಕತೆ ಇಲ್ಲಿಯೇ ಬರುತ್ತದೆ. ಅದರ ಗಿರಾಕಿ ತಿಂಗಳಿಗೆ ಒಂದೇ ಮೊತ್ತವನ್ನು ಕೊಡುತ್ತಿದ್ದ; ಆ ಮೊತ್ತದಲ್ಲಿ ಯಂತ್ರದ ಬೆಲೆ, ಅದಕ್ಕೆ ತಗಲುವ ಬಡ್ಡಿ, ದುರಸ್ತಿ ಮತ್ತು ಸಾಮಗ್ರಿಗಳ ವೆಚ್ಚ ಎಲ್ಲವೂ ಬೆರೆತಿದ್ದುವು. ಯಂತ್ರದ ಪಾಲು ಇಂದೇ ಆದಾಯ. ಬಡ್ಡಿ ಮತ್ತು ಸೇವೆಯ ಪಾಲು ಅವಧಿಯುದ್ದಕ್ಕೂ ಸ್ವಲ್ಪಸ್ವಲ್ಪವಾಗಿ ಬರತಕ್ಕದ್ದು. ಅಮೆರಿಕದ ಷೇರುಪೇಟೆ ನಿಯಂತ್ರಣ ಸಂಸ್ಥೆಯಾದ ಎಸ್‌ಇಸಿ 2002ರ ಏಪ್ರಿಲ್ ತಿಂಗಳಲ್ಲಿ ಹೂಡಿದ ದಾವೆಯ ಪ್ರಕಾರ, ಜೆರಾಕ್ಸ್ ಎರಡು ಸೂತ್ರಗಳನ್ನು ಹೂಡಿ ಯಂತ್ರದ ಪಾಲನ್ನು ಹಿಗ್ಗಿಸಿತು. ಒಂದು ಸೂತ್ರ ಹಣಕಾಸಿನ ವಿಭಾಗಕ್ಕೆ ಇಂತಿಷ್ಟೇ ಪ್ರತಿಫಲ ಸಾಕೆಂದು ಭಾವಿಸಿ, ಅದಕ್ಕೆ ಮೀರಿದುದನ್ನು ಯಂತ್ರದ ಕಡೆಗೆ ತಳ್ಳುತ್ತಿತ್ತು. ಇನ್ನೊಂದು, ಹೊರದೇಶಗಳಲ್ಲಿ ಯಂತ್ರದ ಮೇಲಿನ ಲಾಭ ಅಮೆರಿಕದಲ್ಲಿದ್ದಷ್ಟೇ ಇರಬೇಕೆಂದು ಊಹಿಸಿ, ಸೇವೆಯ ಪಾಲಿನಿಂದ ಕಿತ್ತು ಯಂತ್ರಕ್ಕೆ ಸೇರಿಸುತ್ತಿತ್ತು. ಇವುಗಳಲ್ಲದೆ ಹಳೆಯ ಗುತ್ತಿಗೆಗಳ ಬೆಲೆಯೇರಿಕೆ, ಅವಧಿಯ ವಿಸ್ತರಣೆ, ಏರಿಸಿದ ಉಳಿಕೆ ಬೆಲೆ ಇವೂ ತತ್‌ಕ್ಷಣದ ಆದಾಯವಾದುವು. 1997ರಿಂದ 2000ದವರೆಗೆ ಹೀಗೆ ಮುನ್ನೂರು ಕೋಟಿ ಡಾಲರಿಗೂ ಮಿಗಿಲಾದ ಯಂತ್ರದ ಆದಾಯ ಕಾಲಕ್ಕೆ ಮುಂಚೆ ಪುಸ್ತಕಕ್ಕೆ ಬಂದು, ತೆರಿಗೆಗೆ ಮುಂಚಿನ ಲಾಭ ಸುಮಾರು ನೂರೈವತ್ತು ಕೋಟಿ ಡಾಲರಿನಷ್ಟು ಉಬ್ಬಿತೆಂದು ದಾವೆ ಹೇಳಿತು. ಸಂಸ್ಥೆ ಆರೋಪವನ್ನು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಒಂದು ಕೋಟಿ ಡಾಲರ್ ದಂಡವನ್ನು ತೆತ್ತು, ಹಳೆಯ ವರ್ಷಗಳ ಲೆಕ್ಕಗಳನ್ನು ತಿದ್ದಿ ಪ್ರಕಟಿಸಲು ಸಮ್ಮತಿಸಿತು. ಅದರ ಲೆಕ್ಕಪರಿಶೋಧಕರಾದ ಕೆಪಿಎಂಜಿ ಸಂಸ್ಥೆಯೂ 2005ರಲ್ಲಿ ಎರಡು ಕೋಟಿ ಇಪ್ಪತ್ತು ಲಕ್ಷ ಡಾಲರಿಗೂ ಮಿಗಿಲಾದ ಹಣವನ್ನು ಕೊಟ್ಟು ತನ್ನ ಮೇಲಿನ ದಾವೆಯನ್ನು ತೀರಿಸಿಕೊಂಡಿತು.

ಈ ಪ್ರಕರಣದಲ್ಲಿ ನನಗೆ ಹೆಚ್ಚು ಬೋಧಪ್ರದವಾಗಿ ತೋರುವ ಅಂಶವೊಂದಿದೆ. ಗುತ್ತಿಗೆಯ ವರ್ಗವನ್ನು ಯಾರೂ ಪ್ರಶ್ನಿಸಬೇಕಾಗಿರಲಿಲ್ಲ. ಅದು ಮಾರಾಟವೆಂಬುದು ಸರಿಯೇ ಇರಬಹುದು. ಸಿದ್ಧಾಂತ ಸರಿ, ಪಾಲು ತಪ್ಪು. ಐದು ಪ್ರಶ್ನೆಗಳಿಗೆ ಉತ್ತರವನ್ನು ನೀಟಾಗಿ ಬರೆದಿಟ್ಟ ಕಡತವನ್ನು ಕಂಡು ತೃಪ್ತನಾದ ಪರಿಶೋಧಕನು ತನ್ನ ಕೆಲಸದ ಅರ್ಧವನ್ನು ಕೂಡ ಮಾಡಿದಂತಾಗುವುದಿಲ್ಲ. ದುರಸ್ತಿಯ ಸೇವೆಯನ್ನು ಮಾತ್ರ ಪ್ರತ್ಯೇಕವಾಗಿ ಕೊಳ್ಳುವ ಗಿರಾಕಿಗೆ ಸಂಸ್ಥೆ ಯಾವ ಬೆಲೆ ಹೇಳುತ್ತದೆ, ಯಂತ್ರವನ್ನು ಮಾತ್ರ ಕೊಳ್ಳುವವನಿಗೆ ಯಾವ ಬೆಲೆ ಹೇಳುತ್ತದೆ ಎಂಬುದನ್ನು ಅವನು ವಿಚಾರಿಸಬೇಕು. ಹಂಚಿಕೆಯ ಸೂತ್ರ ವರ್ಷದ ಕೊನೆಯ ತ್ರೈಮಾಸಿಕದಲ್ಲಿ ಬದಲಾದರೆ, ಅದರಲ್ಲಿಯೂ ಯಾವಾಗಲೂ ಲಾಭ ಹೆಚ್ಚುವ ಕಡೆಗೇ ಬದಲಾದರೆ, ಕಾರಣವೇನೆಂದು ಕೇಳಬೇಕು. ಬ್ರೆಜಿಲ್ ದೇಶದಲ್ಲಿ ಜೆರಾಕ್ಸ್ ಮಾರಾಟದ ಬಗೆಯ ಗುತ್ತಿಗೆಗಳಿಂದ ಸಾಮಾನ್ಯ ಬಾಡಿಗೆಗೆ ತಿರುಗಿದಾಗ ಆ ವರ್ಷದ ಆದಾಯ ಕುಗ್ಗಿತು. ಒಡನೆಯೇ ಬಾಡಿಗೆಯ ಮುಂದಿನ ಹುಟ್ಟುವಳಿಗಳನ್ನು ಕಂತೆಗಳಾಗಿ ಕಟ್ಟಿ ಹೂಡಿಕೆದಾರರಿಗೆ ಮಾರುವ ಉಪಾಯವನ್ನು ಹುಡುಕಲಾಯಿತು. ಬಾಡಿಗೆಯ ದಾರಿಯ ಶಾಂತಿಯನ್ನು ಸಹಿಸಲಾರದ ಆಡಳಿತವರ್ಗದ ಮನಸ್ಸನ್ನು ಇದು ಚೆನ್ನಾಗಿ ತೋರಿಸುತ್ತದೆ.

ಮಾರಾಟದ ಬಗೆ ಮುಂದಿನ ವರ್ಷಗಳ ಲಾಭವನ್ನು ಇಂದಿಗೇ ಎಳೆದುತರಬಲ್ಲುದೆಂಬುದನ್ನು ಕಂಡೆವು. ಅದು ಇಲ್ಲದ ನಷ್ಟವನ್ನೂ ಹುಟ್ಟಿಸಬಲ್ಲುದೆಂಬುದು ಅನೇಕರಿಗೆ ಆಶ್ಚರ್ಯವನ್ನುಂಟುಮಾಡುತ್ತದೆ. ನಮ್ಮ ಯಂತ್ರವನ್ನೇ ಇನ್ನೊಮ್ಮೆ ತೆಗೆದುಕೊಳ್ಳಿ. ವರ್ಷಕ್ಕೆ ನಿಶ್ಚಿತ ಕಂತು 1,00,000 ಮಾತ್ರ. ಉಳಿದ ಎರಡು ಲಕ್ಷದಷ್ಟು ಪ್ರತಿಗಳ ಸಂಖ್ಯೆಗೆ ಅನುಸಾರವಾಗಿ ಬರುತ್ತದೆ ಎಂದು ಕರಾರು. ಬಳಕೆಯನ್ನು ಅವಲಂಬಿಸಿದ ಹಣವನ್ನು ವರ್ತಮಾನ ಮೌಲ್ಯದಲ್ಲಿ ಸೇರಿಸಲು ನಿಯಮ ಬಿಡುವುದಿಲ್ಲ. ಆದರೆ ಅವಧಿ ಆಯುಷ್ಯದ ಶೇಕಡ 80 ಆದುದರಿಂದ ಇದು ಮಾರಾಟವೇ. ಹಾಗಿದ್ದರೆ ಮೊದಲ ದಿನ ಬಾಕಿಯೆಂದು ಬರೆಯಬಹುದಾದುದು ನಿಶ್ಚಿತ ಕಂತುಗಳ 3,16,987, ಉಳಿಕೆಯ 49,040, ಕೂಡಿ 3,66,027. ಹೊರಗೆ ಹೋದ ಯಂತ್ರದ ಬೆಲೆಯೋ ಏಳು ಲಕ್ಷ. ಒಳ್ಳೆಯ ಗಿರಾಕಿಯೊಡನೆ ಒಳ್ಳೆಯ ವ್ಯಾಪಾರ ಮಾಡಿದ ದಿನವೇ 3,33,973 ರೂಪಾಯಿ ನಷ್ಟವೆಂದು ಲಾಭನಷ್ಟದ ಖಾತೆ ಸಾರುತ್ತದೆ! ಸೂರ್ಯನ ಬೆಳಕಿನಿಂದ ವಿದ್ಯುತ್ತನ್ನು ಉತ್ಪಾದಿಸುವ ಸ್ಥಾವರಗಳ ಕರಾರುಗಳಲ್ಲಿ, ಎಲ್ಲ ಹಣವೂ ಉತ್ಪನ್ನವಾದ ಯೂನಿಟ್ಟುಗಳ ಮೇಲೆಯೇ ನಿಂತಿರುವಾಗ, ಈ ವಿಪರೀತ ಇನ್ನೂ ಉಗ್ರವಾಗುತ್ತದೆ.

ಅಮೆರಿಕದ ಲೆಕ್ಕಮಾನಕ ಮಂಡಳಿ ಈ ದೂರನ್ನು ಕೇಳಿ 2021ರ ಜುಲೈ ತಿಂಗಳಲ್ಲಿ ಒಂದು ತಿದ್ದುಪಡಿಯನ್ನು ತಂದಿತು: ಸೂಚ್ಯಂಕವನ್ನಾಗಲಿ ಬಡ್ಡಿದರವನ್ನಾಗಲಿ ಅವಲಂಬಿಸದೆ ಏರಿಳಿಯುವ ಕಂತುಗಳಿರುವ ಗುತ್ತಿಗೆಯನ್ನು ಮಾರಾಟವೆಂದು ಬರೆದರೆ ಮೊದಲ ದಿನ ನಷ್ಟ ಬೀಳುವುದಾದರೆ, ಅದನ್ನು ಬಾಡಿಗೆಯೆಂದೇ ಬರೆಯತಕ್ಕದ್ದು. ಶಾಸ್ತ್ರದ ದೃಷ್ಟಿಯಿಂದ ಇದು ಅಷ್ಟು ಸೊಗಸಾದ ಪರಿಹಾರವಲ್ಲ. ಒಂದು ವ್ಯವಹಾರ ಮಾರಾಟವೋ ಅಲ್ಲವೋ ಎಂಬುದು ಅದರ ಫಲ ನಮಗೆ ಪ್ರಿಯವೋ ಅಪ್ರಿಯವೋ ಎಂಬುದರ ಮೇಲೆ ನಿಂತಂತಾಯಿತು. ಆದರೂ ವ್ಯಾವಹಾರಿಕವಾಗಿ ಸುಳ್ಳಾದ ಅಂಕಿಗಿಂತ ಸ್ವಲ್ಪ ಒರಟಾದ ನಿಯಮವೇ ಮೇಲೆಂದು ನಾನು ಭಾವಿಸುತ್ತೇನೆ.

ನಮ್ಮ ದೇಶದ ಮಾತನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯುತ್ತೇನೆ. 2019ರ ಏಪ್ರಿಲ್ ಒಂದರಿಂದ ದೊಡ್ಡ ಸಂಸ್ಥೆಗಳಿಗೆ ಅನ್ವಯಿಸುವ ಇಂಡ್ ಎಎಸ್ 116ರಲ್ಲಿ ಸೇಲ್ಸ್-ಟೈಪ್ ಎಂಬ ಹೆಸರಿಲ್ಲ. ಫೈನಾನ್ಸ್ ಲೀಸ್ ಎಂಬುದರ ಒಳಗೆ, ತಯಾರಕನೋ ವರ್ತಕನೋ ಒಡೆಯನಾಗಿರುವ ಸಂದರ್ಭವೆಂದು ಅದೇ ವಿಷಯ ಬರುತ್ತದೆ. ಅಲ್ಲಿ ಶೇಕಡ 75, 90 ಎಂಬ ಗೆರೆಗಳಿಲ್ಲ, ಸ್ವತ್ತಿನ ಲಾಭಾಲಾಭಗಳೂ ಅಪಾಯಗಳೂ ಯಾರ ಪಾಲಿಗೆ ಹೋದುವೆಂಬ ವಿವೇಚನೆಯಿದೆ. ಗಿರಾಕಿಯನ್ನು ಆಕರ್ಷಿಸಲು ಕೃತಕವಾಗಿ ಕಡಮೆ ಬಡ್ಡಿಯನ್ನು ಹೇಳಿದ್ದರೆ, ಮಾರಾಟದ ಲಾಭವನ್ನು ಪೇಟೆಯ ಬಡ್ಡಿದರಕ್ಕೆ ತಕ್ಕಷ್ಟಕ್ಕೆ ಮಿತಗೊಳಿಸಬೇಕೆಂಬ ಸ್ಪಷ್ಟ ಕಟ್ಟುಪಾಡೂ ಇದೆ. ಸೊನ್ನೆ ಬಡ್ಡಿಯೆಂದು ಸಾರುವ ಯೋಜನೆಗಳನ್ನು ಕಂಡಾಗಲೆಲ್ಲ ನನಗೆ ಈ ವಾಕ್ಯದ ನೆನಪಾಗುತ್ತದೆ.

ಈ ಸಭೆಯಲ್ಲಿ ವಾಣಿಜ್ಯದ ವಿದ್ಯಾರ್ಥಿಗಳು ಅನೇಕರಿದ್ದೀರಿ. ನಿಮ್ಮಲ್ಲಿ ಹಲವರು ಮುಂದೆ ಬೆಂಗಳೂರಿನ ಕಚೇರಿಗಳಲ್ಲಿ ಕುಳಿತು ಹೊರದೇಶದ ಸಂಸ್ಥೆಗಳ ಇಂಥ ಲೆಕ್ಕಗಳನ್ನೇ ಬರೆಯುವಿರಿ. ನಿಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟು. ಯಂತ್ರಗಳನ್ನಾಗಲಿ ವಾಹನಗಳನ್ನಾಗಲಿ ಗುತ್ತಿಗೆಗೆ ಕೊಡುವ ಸಂಸ್ಥೆಯ ವಾರ್ಷಿಕ ವರದಿ ಕೈಗೆ ಬಂದಾಗ ಮೊದಲ ಪುಟದ ಲಾಭವನ್ನು ಓದಿ ಮುಚ್ಚಬೇಡಿ. ಗುತ್ತಿಗೆಯ ಟಿಪ್ಪಣಿಗೆ ಹೋಗಿ, ಮಾರಾಟದ ಲಾಭವೆಷ್ಟು, ಬಡ್ಡಿಯ ಆದಾಯವೆಷ್ಟು ಎಂದು ಬೇರೆಬೇರೆಯಾಗಿ ನೋಡಿ. ಮುಂದಿನ ಒಂದೊಂದು ವರ್ಷದಲ್ಲಿ ಬರಬೇಕಾದ ಕಂತುಗಳ ಪಟ್ಟಿಯನ್ನು ನಿವ್ವಳ ಹೂಡಿಕೆಯೊಡನೆ ತಾಳೆ ನೋಡಿ. ಜಾಮೀನಿಲ್ಲದ ಉಳಿಕೆ ಬೆಲೆ ವರ್ಷದಿಂದ ವರ್ಷಕ್ಕೆ ಬಾಕಿಗಿಂತ ವೇಗವಾಗಿ ಬೆಳೆಯುತ್ತಿದೆಯೆ ಎಂದು ಪರೀಕ್ಷಿಸಿ. ಬೆಳೆಯುತ್ತಿದ್ದರೆ, ಹಳೆಯ ಯಂತ್ರಗಳು ಹಿಂದಿರುಗಿದಾಗ ನಿಜವಾಗಿ ಎಷ್ಟಕ್ಕೆ ಮಾರಿದುವೆಂಬ ಲೆಕ್ಕವನ್ನು ಕೇಳಿ ಪಡೆಯಿರಿ. ಅದು ದೊರೆಯುವವರೆಗೆ ಆ ಲಾಭಕ್ಕೆ ಸಹಿ ಹಾಕಬೇಡಿ.